ಮಾತಾಡಿಸುವುದು

ನಮ್ಮ ದೇವಸಮುದ್ರದ ಕಡೆ ಕಾಯಿಲೆಯವರನ್ನು ನೋಡಲು ಹೊರಟವರು ‘ಮಾತಾಡಿಸಿಕೊಂಡು ಬರ್ತೀವಿ’ ಅಂತಾರೆ, ‘ಮಾತಾಡಿ ಬರ್ತೀವಿ’ ಅನ್ನೋದಿಲ್ಲ. ಈ ‘ಇಸು’ ಪ್ರತ್ಯಯದ ಹುಚ್ಚು ಹಿಡಿಸಿದವರು ನನ್ನ ಹೈಸ್ಕೂಲು ಮೇಷ್ಟ್ರು. ‘ಮಾಡು, ಮಾಡಿಸು, ಮಾತಾಡು, ಮಾತಾಡಿಸು. ಎರಡನೆಯದರಲ್ಲಿ ಕೆಲಸ ಎದುರಿನವರದು ಕಣೋ’ ಎಂದು ಸೀಮೆಸುಣ್ಣದ ಕೈ ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಪಂಚೆಯ ಒಂದು ಪಕ್ಕ ಸದಾ ಬಿಳಿಚಿಕೊಂಡಿರುತ್ತಿತ್ತು.

ಹೋದ ಕಾರ್ತೀಕದಲ್ಲಿ ನಮ್ಮ ಮನೆತನದ ವಾಟ್ಸ್ಆ್ಯಪ್ ಗುಂಪಿನಲ್ಲಿ ದೊಡ್ಡಪ್ಪನ ಮಗಳು, ನನ್ನ ಅಕ್ಕ, ಬರೆದಳು: ಎದೆಯಲ್ಲಿದ್ದ ಗಂಟು ಕ್ಯಾನ್ಸರ್ ಅಂತ ಬಂದಿದೆ, ಸೋಮವಾರ ಬೆಂಗಳೂರಿನಲ್ಲಿ ಮೊದಲ ಕೀಮೋ, ಅಮ್ಮನಿಗಿನ್ನೂ ಹೇಳಿಲ್ಲ. ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು. ಒಬ್ಬರು ‘ಯಾವ ಸ್ಟೇಜು?’ ಅಂದರು. ಇನ್ನೊಬ್ಬರು ಲಕ್ಷ್ಮಣಫಲ ತಿಂದರೆ ವಾಸಿ ಎನ್ನುವ ವಿಡಿಯೊ ಹಾಕಿದರು. ‘ಏನೂ ಆಗಲ್ಲ, ಧೈರ್ಯವಾಗಿರು’ ಅಂದವರೇ ಹೆಚ್ಚು. ನನ್ನ ಜಗಳ ಇವರ ಜೊತೆ. ಏನೂ ಆಗಲ್ಲ ಎಂದ ಮೇಲೆ ಅವಳು ತನ್ನ ಭಯ ಹೇಳಿಕೊಳ್ಳುವುದೆಲ್ಲಿ? ಇದು ಮಾತಾಡಿದ್ದು, ಮಾತಾಡಿಸಿದ್ದಲ್ಲ.

ತಮ್ಮನ ಮಗ ಮಾತ್ರ ಅವಳ ಮೆಸೇಜನ್ನೇ ಎಳೆದು, ಅದರ ಕೆಳಗೆ ಬರೆದ: ‘ಅತ್ತೆ, ಓದಿದೆ. ತುಂಬಾ ಸಂಕಟವಾಯ್ತು. ಈಗ ಉತ್ತರ ಬರೀಬೇಕಂತಿಲ್ಲ. ಭಾನುವಾರ ರಾತ್ರಿ ಬಸ್ಸಿಗೆ ನಾನೂ ಬರಲಾ? ನಿಮ್ಮ ಹೊಲದ ಶೇಂಗಾ ಕೀಳಿಸೋದು ನನಗೆ ಬಿಡಿ.’ ಅಜ್ಜಿಯ ಕಿವಿಗೆ ಬೀಳಬಾರದಲ್ಲ, ಆ ವಿಷಯ ಯಾರ ಹತ್ತಿರ ಆಡಬಹುದು ಎಂದು ಬೇರೆಯಾಗಿ ಕೇಳಿದ. ನಡುರಾತ್ರಿ ಅವಳ ಉತ್ತರ ಬಂತು: ‘ಕೂದಲು ಹೋಗ್ತದಲ್ಲೋ.’ ಮತ್ತೆ ಬೆಳೀತದೆ ಬಿಡಿ ಎಂದು ಅವನು ಬರೆಯಬಹುದಿತ್ತು. ಬರೆದದ್ದು: ‘ಹೂಂ ಅತ್ತೆ, ಹೇಳಿ.’

ನಮ್ಮ ಹಳೆಯ ಪದ್ಧತಿಯೇ ಒಳ್ಳೆಯದಿತ್ತು, ನೇರ ಮನೆಗೇ ಹೋಗುತ್ತಿದ್ದೆವು ಅನ್ನಬಹುದು ನೀವು. ಹೋದೆವಲ್ಲ! ಕೀಮೋ ಆಗಿ ಹತ್ತನೇ ದಿನಕ್ಕೆ ಟೆಂಪೋ ತುಂಬ ಜನ, ಬಾಳೆಹಣ್ಣಿನ ಜೊತೆಗೆ ಇಬ್ಬರ ಕೆಮ್ಮೂ ಹೋಯಿತು. ರಕ್ತದ ಬಿಳಿಕಣ ಸಾಮಾನ್ಯವಾಗಿ ಕುಸಿಯುವುದು ಆ ಎರಡನೇ ವಾರದಲ್ಲೇ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಬೇಕು. ಬಾಗಿಲಲ್ಲೇ ಅವಳ ಮಗಳು ನಮ್ಮನ್ನು ತಡೆದಳು. ಕೆಲವರಿಗೆ ಇನ್ನೂ ಮುನಿಸಿದೆ.

ಇಷ್ಟು ಹೇಳುವ ನಾನು ಅಂದು ಏನು ಬರೆದೆ? ಮೂರು ಕೈಮುಗಿಯುವ ಚಿತ್ರ, ಅದೂ ಮರುದಿನ ಬೆಳಿಗ್ಗೆ. ಯಾರು ಎಷ್ಟು ಹೊತ್ತಿಗೆ ಓದಿದರೆಂದು ಕಳಿಸಿದವರ ಫೋನಿನಲ್ಲಿ ಕಾಣುತ್ತದಂತೆ. ಅವಳು ನೋಡಿರಬಹುದು.

ಈಗ ಐದನೇ ಕೀಮೋ. ಗುಂಪಿನಲ್ಲಿ ಅವಳು ಏನೂ ಬರೆಯುತ್ತಿಲ್ಲ. ‘ಹೇಗಿದ್ದೀಯಕ್ಕ?’ ಎಂದರೆ ಮರೆತಿದ್ದನ್ನು ಕೆದಕಿದ ಹಾಗಾಗುತ್ತದೆಯೇ? ಸುಮ್ಮನೆ ಶೇಂಗಾ ರೇಟು ಹಾಕಲೇ? ಮೇಷ್ಟ್ರಿದ್ದಿದ್ದರೆ ಕೇಳುತ್ತಿದ್ದೆ: ಎದುರಿನವರಿಗೆ ಮಾತೇ ಬೇಡವೆಂದಾಗ ಈ ‘ಇಸು’ ಎಲ್ಲಿ ಹೋಗಿ ಕೂರಬೇಕು ಸಾರ್?