ಒದ್ದೆ ಕೈ ಮತ್ತು ಮನೆಯ ವಿದ್ಯುತ್ತು: ತರಗತಿಯಲ್ಲಿ ಕಲಿಸುವ ಬಗೆ



ಆನೈಮಲೈ ಬೆಟ್ಟದ ಮೇಲಿನ ವಾಲ್ಪಾರೈಯಂತಹ ಊರುಗಳಲ್ಲಿ ಮಳೆಗಾಲದುದ್ದಕ್ಕೂ ಗೋಡೆ, ನೆಲ, ಬಟ್ಟೆ ಎಲ್ಲವೂ ತೇವವಾಗಿಯೇ ಇರುತ್ತವೆ. ಚಳಿಯ ಮುಂಜಾನೆ ಬಕೆಟ್ಟಿನ ನೀರಿನಲ್ಲಿ ಹೀಟರ್ ಮುಳುಗಿಸಿಡುವ ಮನೆಗಳೂ ಉಂಟು. ‘ಒದ್ದೆ ಕೈಯಿಂದ ಸ್ವಿಚ್ ಮುಟ್ಟಬೇಡ’ ಎಂಬ ಮಾತನ್ನು ಮಕ್ಕಳು ಕೇಳಿಯೇ ಇರುತ್ತಾರೆ. ಅದರ ಕಾರಣವನ್ನು ಲೆಕ್ಕದ ಮೂಲಕ ತಿಳಿಸಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಮನೆಯ ವಿದ್ಯುತ್ತು 230 ವೋಲ್ಟ್. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. ಚೆನ್ನಾಗಿ ಒದ್ದೆಯಾದಾಗ ದೇಹದ ಒಟ್ಟು ರೋಧ ಸುಮಾರು 1,000 ಓಮಿಗೆ ಇಳಿಯುತ್ತದೆ. 230ನ್ನು 1,000ದಿಂದ ಭಾಗಿಸಿದರೆ 0.23 ಆಂಪಿಯರ್. ಇದರ ಹತ್ತರಲ್ಲೊಂದು ಭಾಗ ಹರಿದರೂ ಸ್ನಾಯುಗಳು ಬಿಗಿದುಕೊಂಡು, ಹಿಡಿದ ಕೈಯನ್ನು ಬಿಡಲಾಗದು. 5 ಆಂಪಿಯರಿನ ಫ್ಯೂಸು 0.23 ಆಂಪಿಯರಿಗೆ ಕರಗುವುದಿಲ್ಲ. ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಆರ್‌ಸಿಸಿಬಿ ಬೇಕು.

ಸಾಕೆಟ್ಟಿನ ಪಾಠಕ್ಕೆ ಮೂರು ಕಡ್ಡಿಯ ಪ್ಲಗ್ ಒಂದನ್ನು ತೋರಿಸಿದರೆ ಸಾಕು. ಮೇಲಿನ ಕಡ್ಡಿ ಉದ್ದವಾಗಿದೆ. ಅದು ಭೂಸಂಪರ್ಕವನ್ನು ಮೊದಲು ಜೋಡಿಸುತ್ತದೆ. ಒಳಬಾಗಿಲಿರುವ ಸಾಕೆಟ್ಟಿನಲ್ಲಿ ಕೆಳಗಿನೆರಡು ರಂಧ್ರಗಳ ಬಾಗಿಲನ್ನೂ ತೆರೆಯುತ್ತದೆ. ಮೇಲಿನ ರಂಧ್ರಕ್ಕೆ ಕಡ್ಡಿ ತೂರಿಸಿ, ಬೇರೆ ಪ್ಲಗ್ ಅಥವಾ ಬರಿಯ ತಂತಿ ಸಿಕ್ಕಿಸುವುದು ಅಪಾಯಕರವೆನ್ನಲು ಕಾರಣವಿದೇ. ಒಳಬಾಗಿಲಿಲ್ಲದ ಹಳೆಯ ಸಾಕೆಟ್ಟಿಗೆ ಮುಚ್ಚಳ ಬೇಕು. ಮಗುವಿನ ಬೆರಳಿಗೆ ಸುಲಭವಾಗಿ ಕಿತ್ತುಬರುವ ಮುಚ್ಚಳ ರಕ್ಷಣೆಯಲ್ಲ. ಅದು ಬಾಯಿಗೆ ಹೋಗುವ ವಸ್ತುವೂ ಆಗಬಹುದು.

ಇನ್ನು ಆಘಾತವಾದಾಗ ಮಾಡಬೇಕಾದುದು. ಹೀಟರ್ ಇರುವ ಬಕೆಟ್ಟಿಗೆ ಕೈಯಿಟ್ಟ ತಾಯಿ ಅಲ್ಲಿಯೇ ಸೆಟೆದು ನಿಂತಿದ್ದಾಳೆ ಎಂದು ಕಲ್ಪಿಸಿ, ಮಕ್ಕಳಿಂದ ಅಭಿನಯ ಮಾಡಿಸಬೇಕು. ಮಗು ಓಡಿಹೋಗಿ ತಾಯಿಯನ್ನು ಹಿಡಿದೆಳೆಯುವುದು ಸಹಜ. ಎರಡನೆಯ ಜೀವ ಹೋಗುವುದು ಆ ಕ್ಷಣದಲ್ಲಿಯೇ. ಆದುದರಿಂದ ಮಗು ಕಲಿಯಬೇಕಾದ ಕ್ರಮ ಮೂರೇ: ಮುಟ್ಟದಿರುವುದು, ಒಣಗಿದ ಜಾಗದಲ್ಲಿ ಕೈಗೆಟುಕುವ ಮೈನ್ ಸ್ವಿಚ್ಚನ್ನು ಒಣ ಕೈಯಿಂದ ಆರಿಸುವುದು, ಕೂಗಿ ದೊಡ್ಡವರನ್ನು ಕರೆದು 108ಕ್ಕೆ ಫೋನ್ ಮಾಡಿಸುವುದು. ಮೈನ್ ಎಲ್ಲಿದೆಯೆಂದು ಪ್ರತಿ ಮಗುವೂ ಅಂದೇ ಮನೆಯಲ್ಲಿ ನೋಡಿಬರಲಿ. ವಿದ್ಯುತ್ತನ್ನು ಆರಿಸಲಾಗದಿದ್ದರೆ, ದೊಡ್ಡವರು ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬಹುದು. ಬೀದಿಯಲ್ಲಿ ಹರಿದುಬಿದ್ದ ತಂತಿಗೆ ಈ ಉಪಾಯ ಸಲ್ಲದು. ದೂರ ನಿಲ್ಲುವುದೊಂದೇ ದಾರಿ.

ಬಿಡಿಸಿದ ಮೇಲೆ ಉಸಿರಾಟವಿಲ್ಲದಿದ್ದರೆ, ತಿಳಿದವರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಎದ್ದು ಕುಳಿತು ‘ಏನೂ ಆಗಿಲ್ಲ’ ಎಂದವರನ್ನೂ ಆಸ್ಪತ್ರೆಗೆ ಒಯ್ಯಬೇಕು. ಚರ್ಮದ ಮೇಲಿನ ಸುಟ್ಟ ಗುರುತು ಚಿಕ್ಕದಾಗಿದ್ದರೂ ಒಳಗೆ ಹೃದಯದ ಬಡಿತ ತಪ್ಪಿರಬಹುದು.