ಅಕ್ಕೋರ ಮನೆಯ ಹಳೆಯ ಫೋಟೋ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಭಾಷಣ ನಮ್ಮ ಕಸುಬಲ್ಲ. ಕಾರ್ಯದರ್ಶಿಗಳ ಒತ್ತಾಯಕ್ಕೆ ಮಣಿದು, ನಮ್ಮ ಚಾಳಿನ ನೆರೆಮನೆಯಲ್ಲಿ ನಡೆದ ಒಂದು ಕಥೆಯನ್ನು ಹೇಳಿ ಕುಳಿತುಕೊಳ್ಳುತ್ತೇವೆ.

ನೆರೆಮನೆಯವರು ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಅಕ್ಕೋರು. ಅವರ ತಂದೆಯವರು ಎಳವೆಯಲ್ಲಿಯೇ ಊರು ಬಿಟ್ಟು ಬಂದವರು. ಊರು ಯಾವುದೆಂದರೆ "ಗದಗದ ಕಡೆ" ಎಂದಷ್ಟೇ ಹೇಳಿ ಮಾತು ಹೊರಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿದ್ದ ಒಂದು ಫೋಟೋ ಮಾತ್ರ ಉಳಿಯಿತು. ಕೋಟು ರುಮಾಲಿನ ಅಜ್ಜ, ಪಕ್ಕದಲ್ಲಿ ಎಡಗೈಯಲ್ಲಿ ಕೋಲು ಹಿಡಿದ ಏಳೆಂಟು ವರುಷದ ಹುಡುಗ. ಹಿಂದೆ ಒಂದು ಗುಡಿ, ಅದರಾಚೆ ಗುಡ್ಡದ ಸಾಲು. ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ.

ಚಿತ್ರ ಹಳದಿಗಟ್ಟಿ ಮಾಸಿತ್ತು. ಹಳದಿಗೆ ತಿರುಗಿದ ಚಿತ್ರವನ್ನು ನೀಲಿ ಗಾಜಿನ ಮೂಲಕ ತೆಗೆದರೆ ಗೆರೆಗಳು ಎದ್ದು ಕಾಣುತ್ತವೆ; ಹಳದಿಯು ನೀಲಿ ಬೆಳಕನ್ನು ನುಂಗುವುದರಿಂದ ಅದು ಕಪ್ಪಾಗಿ ತೋರುತ್ತದೆ. ಅಕ್ಕೋರು ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಹಾಗೆಯೇ ಪ್ರತಿ ತೆಗೆದರು. ಆಗ ಶಿಖರ ಕಂಡಿತು. ಸಾಮಾನ್ಯವಾದ ಗುಡಿಯ ಶಿಖರಕ್ಕೆ ಅಗಲವಾದ ಮುಖಗಳಿರುತ್ತವೆ. ಒಂದು ಮುಖ ಬಿಸಿಲಲ್ಲಿದ್ದರೆ ಇನ್ನೊಂದು ನೆರಳಲ್ಲಿ. ಇಲ್ಲಿಯದು ಹಾಗಲ್ಲ. ಬೆಳಕು ನೆರಳು ಕಿರಿದಾದ ಪಟ್ಟೆಪಟ್ಟೆಯಾಗಿ, ಗರಗಸದ ಹಲ್ಲಿನಂತೆ ಬುಡದಿಂದ ಮೇಲಕ್ಕೆ ಏರಿತ್ತು. ಇದು ನಕ್ಷತ್ರಾಕಾರದ ತಳಹದಿಯ ಲಕ್ಷಣ. 1926ರಲ್ಲಿ ಅಚ್ಚಾದ ಹೆನ್ರಿ ಕಸಿನ್ಸ್‌ರ ಚಾಲುಕ್ಯ ಶಿಲ್ಪದ ಗ್ರಂಥವನ್ನು ಅವರು ತಿರುವಿ ಹಾಕಿದರು. ಅದರಲ್ಲಿ ಡಂಬಳದ ದೊಡ್ಡಬಸಪ್ಪನ ಗುಡಿ ಸಿಕ್ಕಿತು. ಗರ್ಭಗುಡಿಯ ಹೊರಗೋಡೆಗೆ 24 ಮೂಲೆಗಳು. ಆ ಮೂಲೆಗಳೇ ಶಿಖರದವರೆಗೂ ಏರುತ್ತವೆ. ಊರು ಗದಗ ಸೀಮೆಯದೇ.

ಆದರೆ ಅವರ ಸಂತೋಷ ಎರಡು ದಿನವೂ ನಿಲ್ಲಲಿಲ್ಲ. ಆ ಗುಡಿ ಪೂರ್ವಾಭಿಮುಖವಾದುದು; ಮಂಟಪವೂ ನಂದಿಯೂ ಪೂರ್ವಕ್ಕೆ, ಶಿಖರ ಪಶ್ಚಿಮಕ್ಕೆ. ಫೋಟೋದಲ್ಲಿ ಶಿಖರ ಎಡಕ್ಕೆ, ಮಂಟಪ ಬಲಕ್ಕೆ. ಪಶ್ಚಿಮ ಎಡಕ್ಕೆ ಬರಬೇಕಾದರೆ ಫೋಟೋ ತೆಗೆದವನು ಉತ್ತರಕ್ಕೆ ಮುಖ ಮಾಡಿ ನಿಂತಿರಬೇಕು. ಹಾಗಿದ್ದರೆ ಗುಡ್ಡಗಳೂ ಉತ್ತರಕ್ಕಿರಬೇಕು. ಡಂಬಳದಲ್ಲಿ ಕಪ್ಪತ್ತಗುಡ್ಡದ ಸಾಲು ಇರುವುದು ದಕ್ಷಿಣ ಪಶ್ಚಿಮಗಳ ಕಡೆಗೆ. ಉತ್ತರಕ್ಕೆ ಬರಿಯ ಎರೆಯ ಹೊಲ. "ಈ ಊರಲ್ಲ" ಎಂದು ಅಕ್ಕೋರು ಪುಸ್ತಕ ಮುಚ್ಚಿದರು. ತಿಂಗಳುಗಟ್ಟಲೆ ಬೇರೆ ಊರುಗಳ ಗುಡಿಗಳನ್ನು ನೋಡಿದರು. ಶಿಖರ ಒಂದೂ ಹೊಂದಲಿಲ್ಲ.

ಒಂದು ಸಂಜೆ ಅವರ ಮನೆಯಲ್ಲಿ ಚಹಾ ಕುಡಿಯುತ್ತ ಆ ಫೋಟೋ ನೋಡಿದೆವು. ನಮ್ಮ ಕಣ್ಣಿಗೆ ಬಿದ್ದದ್ದು ಗುಡಿಯಲ್ಲ, ಅಜ್ಜನ ಕೋಟು. ಎದೆಯ ಜೇಬು ಬಲಕ್ಕಿತ್ತು! ಗಂಡಸರ ಕೋಟಿನಲ್ಲಿ ಅದು ಎಡಕ್ಕಿರತಕ್ಕದ್ದು, ಎಡದ ಅಂಚು ಬಲದ ಮೇಲೆ ಬರತಕ್ಕದ್ದು. ಇಲ್ಲಿ ಎರಡೂ ತಿರುವುಮುರುವು. ಖರ್ಚು ಜಮೆ ಬದಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲವೆಂದು ದಿನವೂ ಪೆಟ್ಟು ತಿನ್ನುವವರು ನಾವು. ಅದಕ್ಕೇ ಕಂಡಿತೋ ಏನೋ.

ಅಕ್ಕೋರು ಕ್ಷಣಹೊತ್ತು ಸುಮ್ಮನಿದ್ದು, "ಅಪ್ಪಾ ಎಡಗೈಯವರಲ್ಲ" ಎಂದರು. ಹುಡುಗನ ಕೈಯ ಕೋಲನ್ನು ನೋಡಿ, ಸಾಲೆಯಲ್ಲಿ ಹೊಡೆದು ಬಲಗೈ ರೂಢಿ ಮಾಡಿಸಿರಬೇಕೆಂದು ಮನೆಯವರೆಲ್ಲ ತಿಳಿದಿದ್ದರಂತೆ.

ಫಿಲ್ಮನ್ನು ಮಗುಚಿ ಇಟ್ಟು ಅಚ್ಚು ಹಾಕಿದರೆ ಚಿತ್ರ ಕನ್ನಡಿಯೊಳಗಿನಂತೆ ಬರುತ್ತದೆ. ಅಕ್ಷರವೊಂದಿದ್ದರೆ ತಪ್ಪು ಕೂಡಲೇ ತಿಳಿಯುತ್ತಿತ್ತು. ಗುಡಿ ಗುಡ್ಡಗಳು ತಾವಾಗಿ ಹೇಳುವುದಿಲ್ಲ. ಮೊಬೈಲಿನಲ್ಲಿ ತಿರುಗಿಸಿದೆವು. ಶಿಖರ ಬಲಕ್ಕೆ ಬಂತು. ನೋಡುವವನ ಮುಖ ದಕ್ಷಿಣಕ್ಕೆ, ಎದುರಿಗೆ ಗುಡ್ಡ.

ದೀಪಾವಳಿಯ ರಜೆಯಲ್ಲಿ ಅಕ್ಕೋರು ಗದಗಿಗೆ ಹೋಗಿ ಬಸ್ಸು ಹಿಡಿದರು. ಗುಡಿಯ ಉತ್ತರಕ್ಕೆ ನಿಂತು, ಫೋಟೋದಲ್ಲಿದ್ದಂತೆ ಶಿಖರದ ತುದಿ ಗುಡ್ಡದ ತಗ್ಗಿಗೆ ನೇರವಾಗುವತನಕ ಹೆಜ್ಜೆ ಹೆಜ್ಜೆಯಾಗಿ ಪಕ್ಕಕ್ಕೆ ಸರಿದರಂತೆ. ಹತ್ತಿರದ ಶಿಖರ ಸರಿಯುತ್ತದೆ, ದೂರದ ಗುಡ್ಡ ಅಲುಗದು. ಎರಡೂ ಕೂಡಿದ ಗೆರೆಯ ಮೇಲೆಯೇ ಆ ಕ್ಯಾಮರಾ ಇದ್ದದ್ದು.

ಆದರೆ ಫೋಟೋ ಹೇಳುವುದು ಅವರು ಅಲ್ಲಿ ಒಮ್ಮೆ ನಿಂತಿದ್ದರು ಎಂಬುದನ್ನಷ್ಟೇ. ಜಾತ್ರೆಗೆ ಬಂದವರೂ ಆಗಿರಬಹುದು. ಅಕ್ಕೋರಿಗೂ ಅದು ಗೊತ್ತಿತ್ತು. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಮುದುಕಿಯೊಬ್ಬರು "ಯಾರ ಮನೀ ಪೈಕಿ ಯವ್ವಾ?" ಎಂದು ಕೇಳಿದರು. ಅಜ್ಜನ ಹೆಸರು ಅವರಿಗೆ ಹತ್ತಲಿಲ್ಲ. ಫೋಟೋ ಕಣ್ಣಿಗೆ ಹತ್ತಿರ ಹಿಡಿದು, ಅಂಚಿನಲ್ಲಿ ಅರ್ಧ ಕಾಣುವ ಬಾಗಿಲನ್ನು ತೋರಿಸಿ, "ಇದು ಬಡಿಗ್ಯಾರ ಮನಿ. ಮಗಾ ಜಗಳಾಡಿ ಮುಂಬೈಗೆ ಹ್ವಾದ, ಹೊಳ್ಳಿ ಬರಲಿಲ್ಲ" ಎಂದರಂತೆ. ಅಕ್ಕೋರ ತಂದೆ ಗಿರಣಿಯಲ್ಲಿ ಬಡಗಿಯಾಗಿದ್ದವರು.

ಈಗ ಫೋಟೋವನ್ನು ಸರಿಯಾದ ಬದಿಗೆ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಅವರ ತಾಯಿ ಬಹಳ ಹೊತ್ತು ನೋಡಿ, "ಹಿಂಗ ನೋಡಿದ್ರ ನಿಮ್ಮಪ್ಪ ಅಲ್ಲ ಅನ್ನಸ್ತದ, ಹಳೇದೂ ಬಾಜೂಕ ಇರಲಿ" ಎಂದರು. ಎರಡೂ ಅಲ್ಲಿಯೇ ಇವೆ.