ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೇರಿಂಗ್ ಯಾಕ ನಡುಗತೈತಿ?

ಮುಧೋಳ ಊರೊಳಗ ಗಾಡಿ ಆರಾಮ ಓಡತೈತಿ. ಬೀಳಗಿ ಕಡೆಯಿಂದ ವಿಜಯಪುರ ಹೆದ್ದಾರಿ ಹಿಡಿದು 80 ಮುಟ್ಟಿದ ಕೂಡಲೇ ಸ್ಟೇರಿಂಗ್ ನಡುಗತೈತಿ, 110ರ ಹೊತ್ತಿಗೆ ಕಮ್ಮಿ ಆಗತೈತಿ. ಇದು ಹೆಚ್ಚಾಗಿ ಬ್ಯಾಲೆನ್ಸ್ ತಪ್ಪಿದ ಲಕ್ಷಣ. ಮೊದಲು ರಿಮ್ಮಿನ ಒಳಮೈ ತೊಳೀರಿ. ಎರೆಮಣ್ಣು ಒಂದೇ ಕಡೆ ಅಂಟಿ ಒಣಗಿದ್ದರೂ ನಡುಕ ಬರತೈತಿ. ಆಮೇಲೆ ಬ್ಯಾಲೆನ್ಸಿಂಗ್ ಮಾಡಿಸ್ರಿ.

ಮಷಿನ್ ಸೊನ್ನೆ ತೋರಿಸಿದರೂ ನಡುಕ ಉಳಿದ್ರ? ಸಾಮಾನ್ಯ ಮಷಿನ್ ನೋಡೋದು ತೂಕ ಎಲ್ಲಿ ಹೆಚ್ಚೈತಿ ಅನ್ನೋದನ್ನ. ಚಕ್ರ ಗುಂಡಗೈತೋ ಇಲ್ಲೋ ಅನ್ನೋದನ್ನಲ್ಲ. ಸೊಟ್ಟ ರಿಮ್ಮಿಗೂ ತೂಕದ ತುಂಡು ಹಚ್ಚಿ ಸೊನ್ನೆ ತರಬಹುದು.

ಅದಕ್ಕ ಚಕ್ರ ಮಷಿನ್ ಮ್ಯಾಲೆ ಇದ್ದಾಗಲೇ ಕೈಯಿಂದ ನಿಧಾನ ತಿರುಗಿಸಿ ನೋಡ್ರಿ. ರಿಮ್ಮಿನ ಅಂಚಿಗೆ ತಾಗದಂಗ ಸ್ಕ್ರೂಡ್ರೈವರ್ ತುದಿ ಹಿಡೀರಿ, ಅದು ಅಲುಗಾಡಬಾರದು. ನಡುವಿನ ಸಂದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆದ್ರ ರಿಮ್ ಬೆಂಡ್ ಆಗೈತಿ. ರಿಮ್ ನೆಟ್ಟಗ ತಿರುಗಿ, ಟೈರ್ ಅಷ್ಟೇ ಏರಿಳಿದ್ರ ಅದು ರಿಮ್ಮಿನ ಮ್ಯಾಲೆ ಸರಿ ಕೂತಿಲ್ಲ, ಇಲ್ಲಾ ಟೈರೇ ಕೆಟ್ಟೈತಿ. ಪಕ್ಕದಾಗ ಗುಳ್ಳೆ ಎದ್ದಿದ್ರ ಒಳಗಿನ ದಾರ ಹರಿದೈತಿ. ಅದನ್ನ ಬದಲಿಸದೆ ಹೆದ್ದಾರಿಗೆ ಹೋಗಬ್ಯಾಡ್ರಿ.

ಯಾವ ಚಕ್ರ ಅಂತ ಗೊತ್ತಾಗದಿದ್ರ, ಮುಂದಿನ ಎರಡನ್ನೂ ಹಿಂದಕ್ಕ ಹಾಕಿ ಓಡಿಸ್ರಿ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದ್ರ, ದೋಷ ಆ ಎರಡರೊಳಗೇ ಐತಿ.